ಹೊಸ ಡೊಮೈನ್‌ನಿಂದ ಮೊದಲ ಮೇಲ್‌ಗಳು

ಎಂಟು ಸಾವಿರ ಓದುಗರ ಪಟ್ಟಿಯಿರುವ ಪ್ರಕಾಶನವೊಂದು ಹೊಸ ಡೊಮೈನ್ ಕೊಂಡಿದೆ ಎನ್ನಿ. ಮೊದಲ ದಿನವೇ ಎಲ್ಲರಿಗೂ ಮೇಲ್ ಕಳಿಸಿದರೆ ಬಹಳಷ್ಟು ಸ್ಪ್ಯಾಮ್‌ಗೆ ಬೀಳಬಹುದು; ಪರಿಚಯವಿಲ್ಲದ ಡೊಮೈನ್‌ನಿಂದ ಏಕಾಏಕಿ ಬರುವ ರಾಶಿಯನ್ನು ಜಿಮೇಲ್ ಅನುಮಾನಿಸುತ್ತದೆ.

ಕಳಿಸುವವರು ನಾವೇ ಎಂದು ತೋರಿಸುವ ಎಸ್‌ಪಿಎಫ್, ಡಿಕೆಐಎಂ ದಾಖಲೆಗಳನ್ನು ಸೇರಿಸಿ, ಇತ್ತೀಚೆಗೆ ಪುಸ್ತಕ ಕೊಂಡ 50 ಮಂದಿಯಿಂದ ಶುರುಮಾಡುವುದು ಕ್ಷೇಮ. ಅವರು ಮೇಲ್ ತೆರೆಯುತ್ತಾರೆ, ಕೆಲವರು ಉತ್ತರವನ್ನೂ ಬರೆಯುತ್ತಾರೆ; ಡೊಮೈನ್‌ಗೆ ಒಳ್ಳೆಯ ಹೆಸರು ಬರುವುದೇ ಹೀಗೆ. ಎರಡು ಮೂರು ದಿನಕ್ಕೊಮ್ಮೆ 75, 110 ಎಂದು ಏರಿಸಬಹುದು. ಸರ್ವರ್ ಲಾಗ್‌ನಲ್ಲಿ 421ರಿಂದ ಶುರುವಾಗುವ ಉತ್ತರಗಳು ಹೆಚ್ಚಿದರೆ ಹಿಂದಿನ ಸಂಖ್ಯೆಗೆ ಇಳಿಯಬೇಕು.

ಸ್ಪ್ಯಾಮ್ ದೂರು ಶೇ 0.1ರ ಒಳಗಿರಲಿ, 0.3 ಮುಟ್ಟಲೇಬಾರದು ಎನ್ನುತ್ತದೆ ಗೂಗಲ್. ಅಂದರೆ ಸಾವಿರಕ್ಕೆ ಮೂವರು ದೂರಿದರೂ ಅಪಾಯವೇ. ಕಳಿಸುವ ಸಂಖ್ಯೆ ತೀರಾ ಕಡಿಮೆಯಿದ್ದಾಗ ಗೂಗಲ್‌ನ ಪೋಸ್ಟ್‌ಮಾಸ್ಟರ್ ಟೂಲ್ಸ್ ಈ ಅಂಕಿಯನ್ನು ತೋರಿಸದು. ಆರಂಭದ ವಾರಗಳಲ್ಲಿ ಲಾಗ್ ಓದಿಯೇ ಹೆಜ್ಜೆಯಿಡಬೇಕು.