ಬಾಡಿಗೆ ಹೊರಟಿದೆ, ಇನ್ನೂ ತಲುಪಿಲ್ಲ

ಹೀಗೊಂದು ಪ್ರಸಂಗ ಊಹಿಸಿಕೊಳ್ಳಿ. ಮನೆ ಇರುವುದು ಬೆಂಗಳೂರಿನ ವಿಜಯನಗರದಲ್ಲಿ. ಮಾಲೀಕರು ಮೈಸೂರಿನಲ್ಲಿರುವ ನಿವೃತ್ತ ಶಿಕ್ಷಕಿ. ಬಾಡಿಗೆ 18,500 ರೂಪಾಯಿ. ಕರಾರು ಪತ್ರದಲ್ಲಿ ಬರೆದಿರುವ ಗಡುವು ತಿಂಗಳ 5ನೇ ತಾರೀಖು. 2025ರ ಮೇ ತಿಂಗಳಲ್ಲಿ ಬಾಡಿಗೆದಾರನ ಸಂಬಳ ಬಂದದ್ದೇ 6ರ ಸಂಜೆ. 7ರ ಬೆಳಿಗ್ಗೆ ಅವನು ಯುಪಿಐ ಮೂಲಕ ಹಣ ಕಳುಹಿಸಿದ. ಖಾತೆಯಿಂದ ಹಣ ಕಡಿತವಾಯಿತು, ಆ್ಯಪ್ ಮಾತ್ರ ‘ಪ್ರಕ್ರಿಯೆಯಲ್ಲಿದೆ’ ಎನ್ನುತ್ತಲೇ ಇತ್ತು. ಮಧ್ಯಾಹ್ನವಾದರೂ ಮೇಡಂ ಅವರ ಖಾತೆಗೆ ಏನೂ ಬರಲಿಲ್ಲ.

ಇಲ್ಲಿ ಎರಡು ತಡಗಳಿವೆ. 5ರಿಂದ 7ರವರೆಗಿನದು ಬಾಡಿಗೆದಾರನದು, 7ರ ನಂತರದ್ದು ಬ್ಯಾಂಕುಗಳದು. ಮನೆ ಮಾಲೀಕರಿಗೆ ಬರೆಯುವ ಇಮೇಲ್‌ಗಳು ಎಡವುವುದು ಹೆಚ್ಚಾಗಿ ಈ ಎರಡನ್ನೂ ಕಲಸಿಬಿಡುವಲ್ಲಿ. ‘ಸರ್ವರ್ ಸಮಸ್ಯೆಯಿಂದ ತಡವಾಯಿತು’ ಎಂದು ಬರೆದರೆ, ಜೊತೆಗಿಟ್ಟ ರಸೀದಿಯ ತಾರೀಖೇ ಅದನ್ನು ಸುಳ್ಳು ಮಾಡುತ್ತದೆ.

ರಸೀದಿಯಷ್ಟೇ ಅಲ್ಲ, ಅದರಲ್ಲಿರುವ ಸಂಖ್ಯೆಯೂ ಮಾತಾಡುತ್ತದೆ. ಪ್ರತಿ ಯುಪಿಐ ಪಾವತಿಗೂ 12 ಅಂಕಿಗಳ ಉಲ್ಲೇಖ ಸಂಖ್ಯೆಯೊಂದು ಇರುತ್ತದೆ. ಬಳಕೆಯಲ್ಲಿ ಇದನ್ನೇ ಯುಟಿಆರ್ ಎನ್ನುತ್ತಾರೆ. ಸಾಮಾನ್ಯವಾಗಿ ಅದರ ಮೊದಲ ಅಂಕಿ ವರ್ಷದ ಕೊನೆಯ ಅಂಕಿ. ಮುಂದಿನ ಮೂರು, ಅದು ವರ್ಷದ ಎಷ್ಟನೇ ದಿನ ಎಂಬುದರ ಲೆಕ್ಕ. ಮೇ 7 ಎಂದರೆ 2025ರ 127ನೇ ದಿನ. ಹಾಗಾಗಿ ಆ ದಿನದ ಸಂಖ್ಯೆ 5127 ಎಂದು ಶುರುವಾಗುತ್ತದೆ. ಮೇಷ್ಟ್ರ ಮನೆಯವರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ.

ಆ್ಯಪ್‌ನಲ್ಲಿ ಇನ್ನೊಂದು ಸಂಖ್ಯೆಯೂ ಕಾಣುವುದರಿಂದ ಗೊಂದಲ ಹುಟ್ಟುತ್ತದೆ. ಗೂಗಲ್ ಪೇಯಲ್ಲಿ UPI transaction ID ಎಂದಿರುವುದು ಬೇಕಾದ 12 ಅಂಕಿ. Google transaction ID ಎಂಬುದು ಆ ಕಂಪನಿಯ ಒಳಲೆಕ್ಕ. ಫೋನ್‌ಪೇಯಲ್ಲಿ T ಅಕ್ಷರದಿಂದ ಶುರುವಾಗುವುದನ್ನು ಬಿಟ್ಟು, UTR ಎಂದಿರುವುದನ್ನು ತೆಗೆದುಕೊಳ್ಳಬೇಕು. ಮಾಲೀಕರ ಬ್ಯಾಂಕಿನವರು ಹುಡುಕಲು ಸಾಧ್ಯವಾಗುವುದು ಇದರಿಂದಲೇ.

ನಮ್ಮ ಬಾಡಿಗೆದಾರ ಬರೆಯಬಹುದಾದ ಇಮೇಲ್ ಇಷ್ಟೇ:

ವಿಷಯ: ಮೇ 2025ರ ಬಾಡಿಗೆ ₹18,500 – ಮೇ 7ರಂದು ಕಳುಹಿಸಿದ್ದೇನೆ, ರಸೀದಿ ಲಗತ್ತಿಸಿದೆ

“ಮೇಡಂ, ನಮಸ್ಕಾರ. ಈ ತಿಂಗಳ ಬಾಡಿಗೆ 5ಕ್ಕೇ ಕೊಡಬೇಕಿತ್ತು. ಸಂಬಳ 6ರ ಸಂಜೆ ಬಂದಿದ್ದರಿಂದ ಎರಡು ದಿನ ತಡವಾಯಿತು, ಕ್ಷಮಿಸಿ. ಇವತ್ತು ಬೆಳಿಗ್ಗೆ 9.40ಕ್ಕೆ ಯುಪಿಐನಲ್ಲಿ ಕಳುಹಿಸಿದ್ದೇನೆ. ನನ್ನ ಖಾತೆಯಿಂದ ಹಣ ಹೋಗಿದೆ, ಆದರೆ ನಿಮಗೆ ಜಮೆಯಾಗಿರುವುದು ಇನ್ನೂ ಖಚಿತವಾಗಿಲ್ಲ. ಯುಟಿಆರ್ ಸಂಖ್ಯೆ ಕೆಳಗಿದೆ, ರಸೀದಿಯನ್ನೂ ಲಗತ್ತಿಸಿದ್ದೇನೆ. ಬಂದಿದೆಯೇ ಎಂದು ದಯವಿಟ್ಟು ಒಮ್ಮೆ ನೋಡಿ ತಿಳಿಸಿ. ಹಣ ನನಗೆ ವಾಪಸಾದರೆ ಅದೇ ದಿನ ಮತ್ತೆ ಕಳುಹಿಸುತ್ತೇನೆ.”

ಯುಟಿಆರ್ ಸಂಖ್ಯೆಯನ್ನು ಚಿತ್ರದಲ್ಲಿ ಮಾತ್ರ ಬಿಡದೆ ಅಕ್ಷರದಲ್ಲೂ ಟೈಪ್ ಮಾಡಬೇಕು. ಮಾಲೀಕರು ಅದನ್ನು ನಕಲು ಮಾಡಿ ಹುಡುಕಬಹುದು, ಆರು ತಿಂಗಳ ಮೇಲೆ ಅಡ್ವಾನ್ಸ್ ಲೆಕ್ಕ ಮಾಡುವಾಗಲೂ ಅದು ಸಿಗುತ್ತದೆ. ಖಾತೆಯ ವಿವರದ ಪುಟ ಲಗತ್ತಿಸುವುದಾದರೆ ಆ ಒಂದು ಸಾಲು ಸಾಕು. ಉಳಿದ ಹಣ ಎಷ್ಟಿದೆ, ಯಾವ ಅಂಗಡಿಯಲ್ಲಿ ಏನು ಕೊಂಡರು ಎಂಬುದೆಲ್ಲ ಮನೆ ಮಾಲೀಕರಿಗೆ ಯಾಕೆ?

ಹೀಗಿದ್ದೂ ಈ ಸಾಕ್ಷಿಗೊಂದು ಮಿತಿಯಿದೆ. ಹಣ ಹೊರಟಿತೆಂದು ಅದು ಹೇಳುತ್ತದೆ, ತಲುಪಿತೆಂದು ಹೇಳುವುದಿಲ್ಲ. ಸ್ಕ್ರೀನ್‌ಶಾಟ್ ತಿದ್ದುವುದೂ ಇವತ್ತು ಕಷ್ಟದ ಕೆಲಸವಲ್ಲ. ಆದ್ದರಿಂದ ಮೇಡಂ ಚಿತ್ರ ನೋಡಿ ತಲೆದೂಗದೆ ತಮ್ಮ ಪಾಸ್‌ಬುಕ್ ನೋಡಿದರೆ ಅದನ್ನು ಅಪನಂಬಿಕೆ ಎಂದುಕೊಳ್ಳಬಾರದು.

ಯುಪಿಐನಲ್ಲಿ ಕಡಿತವಾದ ಹಣ ಎದುರಿನವರಿಗೆ ಜಮೆಯಾಗದಿದ್ದರೆ ಎಷ್ಟು ಕಾಯಬೇಕು? 2019ರ ಸೆಪ್ಟೆಂಬರಿನ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ಮರುದಿನದೊಳಗೆ ಅದು ತಾನಾಗಿಯೇ ಕಳುಹಿಸಿದವರ ಖಾತೆಗೆ ಮರಳಬೇಕು. ಮರಳದಿದ್ದರೆ ತಡವಾದ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ. ಎನ್‌ಇಎಫ್‌ಟಿಯ ದಾರಿ ಬೇರೆ. ಅಲ್ಲಿ ಹಣ ಅರ್ಧ ಗಂಟೆಗೊಂದು ಕಂತಿನಲ್ಲಿ ಹೋಗುತ್ತದೆ, ಹಾಗಾಗಿ ಸ್ವಲ್ಪ ಹೊತ್ತು ಬರಲಿಲ್ಲವೆಂದು ಗಾಬರಿಯಾಗಬೇಕಿಲ್ಲ.

ಆತುರದಲ್ಲಿ ಅದೇ ದಿನ ಎರಡನೇ ಸಲ ಕಳುಹಿಸಿದರೆ ಎರಡೂ ತಲುಪಿಬಿಡಬಹುದು. ನಮ್ಮ ಬಾಡಿಗೆದಾರ ಕಾದ. ಮೇ 8ರ ಬೆಳಿಗ್ಗೆ 18,500 ರೂಪಾಯಿ ಅವನ ಖಾತೆಗೇ ಮರಳಿತು. ಮತ್ತೆ ಕಳುಹಿಸಿದ, ಈ ಸಲ ಸಂಖ್ಯೆ ಶುರುವಾದದ್ದು 5128ರಿಂದ. ಹೊಸ ಇಮೇಲ್ ಬರೆಯದೆ ಹಳೆಯದಕ್ಕೇ ಉತ್ತರವಾಗಿ, ವಾಪಸಾದ ಸಂಖ್ಯೆ, ಮರಳಿದ ಸಾಲು, ಹೊಸ ಸಂಖ್ಯೆ ಮೂರನ್ನೂ ಬರೆದ. ಹಳೆಯ 5127ರ ಸಂಖ್ಯೆ ಇನ್ನು ಪಾವತಿಗೆ ಸಾಕ್ಷಿಯಲ್ಲ ಎಂದು ಸ್ಪಷ್ಟವಾಗಿ ಹೇಳಿದ. ಅರ್ಧ ಗಂಟೆಯಲ್ಲಿ ಮೈಸೂರಿನಿಂದ ಉತ್ತರ ಬಂತು: “ಬಂದಿದೆಯಪ್ಪಾ. ಮುಂದಿನ ತಿಂಗಳು ಸಂಬಳ ತಡವಾಗೋ ಹಾಗಿದ್ದರೆ 5ಕ್ಕಿಂತ ಮುಂಚೇನೇ ಒಂದು ಮಾತು ಹೇಳು.”