ಕಟ್ಟುಕಥೆಗೆ ನಿಜವಾದ ಕಣ್ಣೀರು

ಅಕ್ಕಂದಿರೇ, ಒಂದು ಸಂಜೆ ನಮ್ಮ ಕಲಿಕಾ ಕೇಂದ್ರದಲ್ಲಿ ಹರಿಶ್ಚಂದ್ರನ ಕಥೆ ಓದುತ್ತಿದ್ದೆವು. ಒಬ್ಬೊಬ್ಬರು ಒಂದೊಂದು ಪುಟ ಓದಬೇಕು. ಒಬ್ಬ ಅಕ್ಕನ ಸರದಿ ಬಂತು. ಅಕ್ಷರದ ಮೇಲೆ ಬೆರಳಿಟ್ಟು ನಿಧಾನವಾಗಿ ಓದುತ್ತಾ ಹೋದರು. ಹಾವು ಕಚ್ಚಿ ಸತ್ತ ಮಗನನ್ನು ಚಂದ್ರಮತಿ ಎತ್ತಿಕೊಂಡು ಸುಡುಗಾಡಿಗೆ ಬರುವ ಜಾಗ. ಅಲ್ಲಿ ಅವರ ದನಿ ನಿಂತುಹೋಯಿತು.

"ಯಾಕಕ್ಕಾ, ಅಕ್ಷರ ತಿಳೀಲಿಲ್ವಾ?" ಎಂದು ಪಕ್ಕದವರು ಕೇಳಿದರು.

"ಅಕ್ಷರ ತಿಳೀತು ಕಣೇ. ಅದಕ್ಕೇ ಓದೋಕೆ ಆಗ್ತಿಲ್ಲ" ಎಂದರು ಅವರು. ಕಣ್ಣು ತುಂಬಿತ್ತು.

ಕೆಲವರು ನಕ್ಕರು. ಆ ಅಕ್ಕ ನಾಚಿಕೊಂಡು ಪುಸ್ತಕ ಮುಚ್ಚಿಟ್ಟರು. "ಎಲ್ಲಾ ಕಟ್ಟಿದ ಕಥೆ ಅಂತ ನಂಗೂ ಗೊತ್ತು ಟೀಚರ್. ನಮ್ಮನೆಯವ್ರೂ ಬಯ್ತಾರೆ, ಸಿನಿಮಾದೋರು ದುಡ್ಡಿಗೆ ಅಳ್ತಾರೆ, ನೀನು ಪುಕ್ಕಟೆ ಅಳ್ತೀಯಾ ಅಂತ. ನಂಗೇನಾದ್ರೂ ಬುದ್ಧಿ ಕಮ್ಮಿನಾ?" ಎಂದು ಕೇಳಿದರು.

ಅವರ ಪ್ರಶ್ನೆ ದೊಡ್ಡದು. ಅದನ್ನೇ ಈ ಪಾಠದಲ್ಲಿ ನೋಡೋಣ.

ಅತ್ತವರು ಯಾರ್ಯಾರು?

ಹರಿಶ್ಚಂದ್ರನ ಕಥೆಗೆ ಅತ್ತವರಲ್ಲಿ ಒಬ್ಬರ ಹೆಸರು ನಿಮಗೆಲ್ಲ ಗೊತ್ತು. ಅವರು ಮಹಾತ್ಮ ಗಾಂಧಿ. ಹುಡುಗರಾಗಿದ್ದಾಗ ಅವರು ಒಂದು ನಾಟಕ ಕಂಪನಿಯವರ ಹರಿಶ್ಚಂದ್ರ ನಾಟಕ ನೋಡಿದರು. ಎಷ್ಟು ನೋಡಿದರೂ ಅವರಿಗೆ ತೃಪ್ತಿಯಾಗಲಿಲ್ಲ. ಮನಸ್ಸಿನಲ್ಲೇ ಆ ನಾಟಕವನ್ನು ಮತ್ತೆ ಮತ್ತೆ ಆಡಿಕೊಂಡರು. ಆ ಕಷ್ಟಗಳನ್ನು ನೆನೆದು ಎಷ್ಟೋ ಸಲ ಅತ್ತರು. ಇದನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ದೊಡ್ಡವರಾದ ಮೇಲೆ ಅವರಿಗೆ ಹರಿಶ್ಚಂದ್ರ ಎಂಬ ರಾಜ ನಿಜವಾಗಿ ಇದ್ದಿರಲಾರ ಅನಿಸಿತು. ಆದರೂ ಆ ನಾಟಕವನ್ನು ಈಗ ಓದಿದರೂ ತಮ್ಮ ಮನಸ್ಸು ಕರಗುತ್ತದೆ ಎಂದು ಅವರು ಬರೆದರು.

ಹಾಗಾದರೆ ಬುದ್ಧಿ ಕಮ್ಮಿ ಇದ್ದವರು ಮಾತ್ರ ಅಳುತ್ತಾರೆ ಎಂಬ ಮಾತು ನಿಲ್ಲುವುದಿಲ್ಲ.

ಹುಣಸೆಹಣ್ಣಿನ ಲೆಕ್ಕ

ಈಗ ಒಂದು ಸಣ್ಣ ಪರೀಕ್ಷೆ ಮಾಡೋಣ. ಎಳೆ ಹುಣಸೆಕಾಯಿ. ಅದಕ್ಕೆ ಉಪ್ಪು, ಖಾರದಪುಡಿ. ಕಚ್ಚಿದರೆ ಹಲ್ಲು ಚುಳ್ಳೆನ್ನುವ ಹುಳಿ. ಇದನ್ನು ಓದುವಾಗಲೇ ನಿಮ್ಮ ಬಾಯಲ್ಲಿ ನೀರೂರಿತೇ?

ಹುಣಸೆಕಾಯಿ ಎಲ್ಲಿದೆ? ಇಲ್ಲಿ ಇಲ್ಲ. ಇಲ್ಲ ಎಂದು ನಿಮಗೆ ಚೆನ್ನಾಗಿ ಗೊತ್ತು. ಆದರೂ ನೀರು ಬಂತು. ಯಾಕೆಂದರೆ ಬಾಯಿಗೆ ನೀರು ತರಿಸುವುದು ಮನಸ್ಸಿನಲ್ಲಿ ಮೂಡಿದ ಚಿತ್ರ. "ಇದು ನಿಜವೋ ಸುಳ್ಳೋ" ಎಂದು ಕೇಳಿ, ಉತ್ತರ ಬರುವ ತನಕ ಬಾಯಿ ಕಾಯುವುದಿಲ್ಲ.

ಕಣ್ಣೀರೂ ಹಾಗೆಯೇ. ನಮ್ಮ ಮೆದುಳು ಎರಡು ಕೆಲಸಗಳನ್ನು ಒಟ್ಟಿಗೇ ಮಾಡುತ್ತದೆ. ಒಂದು, ಅಳುವ ಮುಖ ಕಂಡರೆ, ನೋವಿನ ದನಿ ಕೇಳಿದರೆ, ಕೂಡಲೇ ಮಿಡಿಯುವುದು. ತೊಟ್ಟಿಲ ಕೂಸು ಅತ್ತರೆ ನಾವು ಯೋಚನೆ ಮಾಡುತ್ತಾ ಕೂರುತ್ತೇವೆಯೇ? ಕೈ ತಾನೇ ಮುಂದೆ ಹೋಗುತ್ತದೆ. ಈ ಕೆಲಸ ಬಹಳ ಬೇಗ ಆಗುತ್ತದೆ. ಇನ್ನೊಂದು, "ಇದು ನಾಟಕ, ಇವರು ವೇಷ ಹಾಕಿದ್ದಾರೆ" ಎಂದು ತಿಳಿಯುವುದು. ಇದು ವಿಚಾರದ ಕೆಲಸ.

ವಿಚಾರವೂ ಸುಮ್ಮನೆ ಕೂತಿರುವುದಿಲ್ಲ. ಹೇಗೆ ಗೊತ್ತಾಗುತ್ತದೆ ಎಂದರೆ, ನಿಜವಾಗಿ ಪಕ್ಕದ ಮನೆ ಹುಡುಗನಿಗೆ ಹಾವು ಕಚ್ಚಿದರೆ ನಾವು ಕೂತು ನೋಡುವುದಿಲ್ಲ. ಎದ್ದು ಓಡುತ್ತೇವೆ, ಗಾಡಿ ಹುಡುಕುತ್ತೇವೆ, ಆಸ್ಪತ್ರೆಗೆ ಸಾಗಿಸುತ್ತೇವೆ. ನಾಟಕದಲ್ಲಿ ಲೋಹಿತಾಶ್ವನಿಗೆ ಹಾವು ಕಚ್ಚಿದಾಗ ಯಾರೂ ರಂಗಕ್ಕೆ ಓಡುವುದಿಲ್ಲ. ಅಂದರೆ, ಇದು ಕಥೆ ಎಂಬ ತಿಳಿವಳಿಕೆ ನಮ್ಮ ಕಾಲನ್ನು ಹಿಡಿದು ಕೂರಿಸಿದೆ. ಕಣ್ಣೀರನ್ನು ಹಿಡಿಯುವುದು ಮಾತ್ರ ಅದರ ಕೈಯಲ್ಲಿಲ್ಲ.

ಚಂದ್ರಮತಿಯ ಕಥೆಯಲ್ಲಿ ಕಣ್ಣೀರು ಎಲ್ಲಿ ಬರುತ್ತದೆ?

ಕಥೆಯನ್ನೇ ಮತ್ತೆ ನೋಡೋಣ. ರಾಜ ಕೊಟ್ಟ ಮಾತಿಗಾಗಿ ರಾಜ್ಯ ಬಿಟ್ಟ. ಹೆಂಡತಿ, ಮಗನನ್ನು ಮಾರಿದ. ತಾನೂ ಸುಡುಗಾಡು ಕಾಯುವ ಆಳಾದ. ಇಲ್ಲಿಯವರೆಗೆ ನಮಗೆ ಸಂಕಟವಾಗುತ್ತದೆ, ಆದರೆ ಬಹಳ ಜನ ಅಳುವುದಿಲ್ಲ. ರಾಜ್ಯ ಕಳೆದುಕೊಳ್ಳುವ ದುಃಖ ನಮಗೆ ಗೊತ್ತಿಲ್ಲ. ನಮಗೆಲ್ಲಿದೆ ರಾಜ್ಯ?

ಆಮೇಲೆ ಮಗ ಸಾಯುತ್ತಾನೆ. ಆಳಾಗಿ ದುಡಿಯುವ ತಾಯಿ ರಾತ್ರಿ ಒಬ್ಬಳೇ ಮಗನ ಹೆಣ ಹೊತ್ತು ಬರುತ್ತಾಳೆ. ಸುಡಲು ಸುಂಕ ಕೊಡಬೇಕು. ಅವಳ ಕೈಯಲ್ಲಿ ಕಾಸಿಲ್ಲ. ಕೇಳುತ್ತಿರುವವನು ಅವಳ ಗಂಡನೇ. ಇದು ಅವನಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ನಮಗೆ ಮಾತ್ರ ಗೊತ್ತು! ಹೇಳೋಣ ಎಂದರೆ ಕಥೆಯ ಒಳಗೆ ಹೋಗಲು ಆಗುವುದಿಲ್ಲ. ಗೊತ್ತಿದ್ದೂ ಏನೂ ಮಾಡಲಾಗದ ಈ ಸಂಕಟವೇ ಗಂಟಲಿಗೆ ಬಂದು ನಿಲ್ಲುತ್ತದೆ.

ಇಲ್ಲಿ ಅವಳು ರಾಣಿಯಾಗಿ ಉಳಿದಿಲ್ಲ. ಕಾಸಿಲ್ಲದ ಒಬ್ಬ ತಾಯಿ. ಮಗುವಿನ ಜ್ವರಕ್ಕೆ ಔಷಧಿ ತರಲು ಕಾಸಿಲ್ಲದೆ ಕೂತ ರಾತ್ರಿ ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿಲ್ಲ? ಕಥೆ ಕಟ್ಟಿದ್ದು ನಿಜ. ಆದರೆ ಕಥೆ ಮುಟ್ಟಿದ ಜಾಗ ಕಟ್ಟಿದ್ದಲ್ಲ, ಅದು ನಮ್ಮದೇ. ಆದ್ದರಿಂದ ಒಂದೇ ಕಥೆಗೆ ಎಲ್ಲರೂ ಒಂದೇ ಜಾಗದಲ್ಲಿ ಅಳುವುದಿಲ್ಲ. ಮಗುವನ್ನು ಕಳೆದುಕೊಂಡವರು ಸುಡುಗಾಡಿನಲ್ಲಿ ಅತ್ತರೆ, ಮನೆ ಬಿಟ್ಟು ದುಡಿಯಲು ಹೋದವರು ಗಂಡ ಹೆಂಡತಿ ಅಗಲುವಾಗ ಅಳುತ್ತಾರೆ.

ಇನ್ನೊಂದು ಮಾತು. ಕೊನೆಯಲ್ಲಿ ಮಗ ಬದುಕಿ, ಮೂವರೂ ಒಂದಾದಾಗಲೂ ಕಣ್ಣು ಒದ್ದೆಯಾಗುತ್ತದೆ. ಇದು ದುಃಖದ ಅಳು ಅಲ್ಲ. ಬಿಗಿ ಹಿಡಿದಿದ್ದ ಮನಸ್ಸು ಸಡಿಲವಾದಾಗಲೂ ಕಣ್ಣೀರು ಬರುತ್ತದೆ.

ವೇಷ ಗೊತ್ತಿದ್ದರೂ ಅಳು ನಿಲ್ಲದು

1913ರಲ್ಲಿ ದಾದಾಸಾಹೇಬ ಫಾಲ್ಕೆ ಎಂಬುವರು ಮುಂಬಯಿಯಲ್ಲಿ 'ರಾಜಾ ಹರಿಶ್ಚಂದ್ರ' ಸಿನಿಮಾ ತೋರಿಸಿದರು. ಅದರಲ್ಲಿ ಮಾತೇ ಇರಲಿಲ್ಲ. ರಾಣಿಯ ಪಾತ್ರ ಮಾಡಿದ್ದು ಒಬ್ಬ ಗಂಡಸು. ಆ ಕಾಲದಲ್ಲಿ ಸಿನಿಮಾದಲ್ಲಿ ಪಾತ್ರ ಮಾಡಲು ಹೆಂಗಸರು ಸಿಗುತ್ತಿರಲಿಲ್ಲ. ಮಗನ ಪಾತ್ರ ಮಾಡಿದ್ದು ಫಾಲ್ಕೆಯವರ ಸ್ವಂತ ಮಗ. ನಮ್ಮ ಕನ್ನಡದಲ್ಲಿ 1965ರಲ್ಲಿ 'ಸತ್ಯ ಹರಿಶ್ಚಂದ್ರ' ಬಂತು. ರಾಜ್‌ಕುಮಾರ್ ಹರಿಶ್ಚಂದ್ರ, ಪಂಡರಿಬಾಯಿ ಚಂದ್ರಮತಿ. ಇದನ್ನು ನೋಡಿದವರಿಗೆ ಅವರು ರಾಜ್‌ಕುಮಾರ್ ಎಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಕಥೆಯ ಕೊನೆಯೂ ಗೊತ್ತಿತ್ತು. ಆದರೂ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆದರೆ ಒಂದು ಮಾತಿದೆ. ಊರ ಬಯಲಾಟದಲ್ಲಿ ಸತ್ತು ಬಿದ್ದ ಲೋಹಿತಾಶ್ವ ಸೊಳ್ಳೆ ಕಚ್ಚಿತೆಂದು ಕಾಲು ಕೆರೆದುಕೊಂಡರೆ ಏನಾಗುತ್ತದೆ? ಅಳುತ್ತಿದ್ದವರೇ ನಗುತ್ತಾರೆ. ಸೊಳ್ಳೆ ನಮಗೆ ಹೊಸ ಸುದ್ದಿ ಏನೂ ಹೇಳಲಿಲ್ಲ. ಹುಡುಗ ಸತ್ತಿಲ್ಲ ಎಂದು ಮೊದಲೇ ಗೊತ್ತಿತ್ತು. ಸೊಳ್ಳೆ ಕೆಡಿಸಿದ್ದು ಮನಸ್ಸಿನೊಳಗಿನ ಚಿತ್ರವನ್ನು. ಚಿತ್ರ ಒಡೆದರೆ ಕಣ್ಣೀರು ನಿಲ್ಲುತ್ತದೆ. ನಂಬಿಕೆಯಿಂದಲ್ಲ, ಚಿತ್ರದಿಂದ ಅಳು ಬರುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ನಮ್ಮ ಹಿರಿಯರೂ ಇದನ್ನು ಯೋಚಿಸಿದ್ದರು. ನಾಟಕ ನೋಡುವಾಗ ಬರುವ ಇಂಥ ದುಃಖಕ್ಕೆ ಅವರು ಕರುಣರಸ ಎಂದು ಹೆಸರಿಟ್ಟರು. ಸುಮಾರು 1000 ವರ್ಷದ ಹಿಂದೆ ಕಾಶ್ಮೀರದಲ್ಲಿ ಅಭಿನವಗುಪ್ತ ಎಂಬ ಪಂಡಿತರಿದ್ದರು. ಅವರು ಹೇಳಿದ್ದರ ತಿರುಳು ಇಷ್ಟು: ನಾಟಕದ ದುಃಖ ನನ್ನೊಬ್ಬಳದೂ ಅಲ್ಲ, ಬೇರೆ ಯಾರೋ ಒಬ್ಬರದೂ ಅಲ್ಲ. ಅದು ಎಲ್ಲರ ದುಃಖ. ಆದ್ದರಿಂದಲೇ ಅದನ್ನು ಸವಿಯಲು ಆಗುತ್ತದೆ. ಸ್ವಂತ ಮನೆಯ ಸಾವನ್ನು ದುಡ್ಡು ಕೊಟ್ಟು ಮತ್ತೆ ನೋಡಲು ಯಾರೂ ಹೋಗುವುದಿಲ್ಲ. ಚಂದ್ರಮತಿಯ ಕಥೆಯನ್ನು ಹತ್ತು ಸಲ ನೋಡುತ್ತೇವೆ.

ಕಣ್ಣೀರು ಎಲ್ಲಿಂದ ಬರುತ್ತದೆ?

ಮೇಲಿನ ರೆಪ್ಪೆಯ ಒಳಗೆ, ಕಿವಿಯ ಕಡೆಗಿರುವ ಮೂಲೆಯಲ್ಲಿ ಕಣ್ಣೀರಿನ ಗ್ರಂಥಿ ಇದೆ. ಮೆದುಳು ನರದ ಮೂಲಕ ಸುದ್ದಿ ಕಳಿಸಿದರೆ ಅದು ನೀರು ಬಿಡುತ್ತದೆ. ಮೂಗಿನ ಕಡೆಯ ಮೂಲೆಯಲ್ಲಿ, ರೆಪ್ಪೆಗಳ ಅಂಚಿಗೆ ಸೂಜಿಮೊನೆಯಷ್ಟು ಸಣ್ಣ ತೂತುಗಳಿವೆ. ನೀರು ಅಲ್ಲಿಂದ ಮೂಗಿಗೆ ಇಳಿಯುತ್ತದೆ. ಅತ್ತಾಗ ಮೂಗು ಸೋರುವುದು ಇದಕ್ಕೇ. ತೂತಿಗೆ ಹಿಡಿಸಲಾರದಷ್ಟು ನೀರಾದರೆ ಕೆನ್ನೆಗೆ ಹರಿಯುತ್ತದೆ. ಕಥೆಗೆ ಬಂದ ಕಣ್ಣೀರೂ ನಿಜವಾದ ದುಃಖದ ಕಣ್ಣೀರೂ ಬರುವುದು ಇದೇ ಗ್ರಂಥಿಯಿಂದ, ಇದೇ ದಾರಿಯಿಂದ.

"ಅತ್ತರೆ ಮನಸ್ಸು ಹಗುರ" ಎನ್ನುತ್ತೇವೆ. ಇದು ಎಷ್ಟು ನಿಜ? 2015ರಲ್ಲಿ ನೆದರ್‌ಲ್ಯಾಂಡ್ಸ್ ದೇಶದ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಜನರಿಗೆ ದುಃಖದ ಸಿನಿಮಾ ತೋರಿಸಿ, ಅವರ ಮನಸ್ಸು ಹೇಗಿದೆ ಎಂದು ಕೇಳಿದ್ದರು. ಅತ್ತವರ ಮನಸ್ಸು ಸಿನಿಮಾ ಮುಗಿದ ಕೂಡಲೇ ಇನ್ನಷ್ಟು ಭಾರವಾಗಿತ್ತು. 20 ನಿಮಿಷದ ನಂತರ ಮೊದಲಿನಂತಾಯಿತು. ಒಂದೂವರೆ ಗಂಟೆಯ ನಂತರ ಮೊದಲಿಗಿಂತಲೂ ಹಗುರವಾಗಿತ್ತು. ಹಗುರ ಆಗುವುದು ಹೌದು, ಆದರೆ ಸ್ವಲ್ಪ ಹೊತ್ತು ಬೇಕು.

ಅಳದವರು ಕಲ್ಲುಮನಸ್ಸಿನವರು ಎಂದುಕೊಳ್ಳಬಾರದು. ಕೆಲವರಿಗೆ ಕಣ್ಣೀರು ಬೇಗ ಬರುತ್ತದೆ, ಕೆಲವರಿಗೆ ಗಂಟಲು ಮಾತ್ರ ಕಟ್ಟುತ್ತದೆ. ಗಂಡಸರಿಗೂ ಸಂಕಟ ಇದೆ. ಆದರೆ "ಗಂಡಸಾಗಿ ಅಳ್ತೀಯಾ" ಎಂದು ಚಿಕ್ಕಂದಿನಿಂದ ಹೇಳಿಸಿಕೊಂಡು ತಡೆದುಕೊಳ್ಳುತ್ತಾರೆ.

ಆದರೆ ಕಥೆ ಮುಗಿದು ದಿನಗಳಾದರೂ ಸುಮ್ಮಸುಮ್ಮನೆ ಅಳು ಬರುವುದು, ಊಟ ನಿದ್ದೆ ಬೇಡವಾಗುವುದು, ಎರಡು ವಾರ ಹೀಗೇ ನಡೆಯುವುದು, ಇದು ಬೇರೆ. ಇದು ಕಾಯಿಲೆ ಇರಬಹುದು. ಅಂಥವರನ್ನು ನಗೆಯಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಮತ್ತೆ ಆ ಅಕ್ಕನ ಮಾತು

ಆ ಸಂಜೆ ನಾವು ಇದನ್ನೆಲ್ಲ ಮಾತಾಡಿದೆವು. ಕೊನೆಗೆ ಆ ಅಕ್ಕನಿಗೆ ಒಂದು ಮಾತು ಹೇಳಿದೆವು. "ಸಿನಿಮಾದಲ್ಲಿ ಮುಖ ಕಾಣ್ತದೆ, ದನಿ ಕೇಳ್ತದೆ, ವಾದ್ಯ ನುಡೀತದೆ. ನೀವು ಅತ್ತದ್ದು ಬರೀ ಕಪ್ಪು ಅಕ್ಷರ ನೋಡಿ. ಹೋದ ವರ್ಷ ಇದೇ ಅಕ್ಷರ ನಿಮಗೆ ಇರುವೆ ಸಾಲಿನ ಹಂಗೆ ಕಾಣ್ತಿತ್ತು. ಇರುವೆ ಸಾಲು ನೋಡಿ ಯಾರಾದ್ರೂ ಅಳ್ತಾರಾ? ಅಕ್ಷರದ ಹಿಂದೆ ನಿಮಗೆ ಚಂದ್ರಮತಿ ಕಂಡಳು. ಓದೋದು ಅಂದ್ರೆ ಇದೇ."

ಮೊದಲು ನಕ್ಕವರು ಸುಮ್ಮನಾದರು. ಆ ಅಕ್ಕ ಮೂಗು ಒರೆಸಿಕೊಂಡು ಪುಸ್ತಕ ತೆರೆದರು. ನಿಲ್ಲಿಸಿದ್ದ ಸಾಲನ್ನು ಹುಡುಕಿ ಬೆರಳಿಟ್ಟರು. "ತಡೀರಿ, ಮಗ ಬದುಕೋವರ್ಗೂ ನಾನೇ ಓದ್ತೀನಿ" ಎಂದರು.

ನೀವು ಮಾತಾಡಿ

ನಿಮಗೆ ಅಳು ತಂದ ಕಥೆ ಅಥವಾ ಸಿನಿಮಾ ಯಾವುದು? ಯಾವ ಜಾಗದಲ್ಲಿ ಅಳು ಬಂತು?

ಅದೇ ಕಥೆಗೆ ನಿಮ್ಮ ಪಕ್ಕದವರು ಎಲ್ಲಿ ಅತ್ತರು? ಕೇಳಿ ನೋಡಿ.