ತೊಲೆ ಎಷ್ಟು ಬಾಗೀತು? ಊಹೆಯ ಗೆರೆಯಿಂದ ಒಂದು ಲೆಕ್ಕ

ಎರಡು ಗೋಡೆಗಳ ಮೇಲೆ ತುದಿಗಳನ್ನು ಊರಿ ಅಡ್ಡ ಇಟ್ಟ ಉಕ್ಕಿನ ತೊಲೆಯ ಮೇಲೆ ಮಹಡಿಯ ಭಾರ ಬಿದ್ದರೆ ಅದು ನಡುವೆ ತುಸು ಕೆಳಗಿಳಿಯುತ್ತದೆ. ಆ ಇಳಿತ ಕಣ್ಣಿಗೆ ಕಾಣುವುದಿಲ್ಲ, ಆದರೆ ಕೆಳಗಿನ ಗಾರೆಯಲ್ಲಿ ಬಿರುಕು ಮೂಡಿಸಲು ಅಷ್ಟು ಸಾಕು. ಹಾಗಾಗಿ ತೊಲೆ ಮುರಿಯುತ್ತದೆಯೇ ಎಂದು ಕೇಳಿದಷ್ಟೇ ಮುಖ್ಯವಾಗಿ ಅದು ಎಷ್ಟು ಬಾಗುತ್ತದೆ ಎಂದೂ ಎಂಜಿನಿಯರುಗಳು ಕೇಳುತ್ತಾರೆ. ತುದಿಗಳು ಸುಮ್ಮನೆ ಕೂತಿವೆ, ಓರೆಯಾಗಲು ಅಡ್ಡಿಯಿಲ್ಲ ಎಂದಾದರೆ ಅಂಥದ್ದಕ್ಕೆ ‘ಸಿಂಪ್ಲಿ ಸಪೋರ್ಟೆಡ್ ಬೀಮ್’ ಎಂದು ಹೆಸರು.

ಈ ಪ್ರಶ್ನೆಗೆ ರಾಜಮಾರ್ಗದ ಉತ್ತರವಿದೆ. ತೊಲೆಯ ಪ್ರತಿ ಬಿಂದುವಿಗೂ ಒಂದು ಅವಕಲ ಸಮೀಕರಣ ಬರೆದು, ನಾಲ್ಕು ಸಲ ಅನುಕಲನ ಮಾಡಿ, ತುದಿಗಳ ನಿಯಮ ಹಚ್ಚಿದರೆ ನಿಖರ ಸೂತ್ರ ಸಿಗುತ್ತದೆ. ಸರಳ ತೊಲೆಗೆ ಇದು ಸುಲಭವೇ. ಆದರೆ ಒಂದು ತುದಿ ದಪ್ಪ, ಇನ್ನೊಂದು ತುದಿ ಸಪೂರ ಇರುವ ತೊಲೆಗೋ ತೆಳು ತಗಡಿಗೋ ಬಂದರೆ ಆ ದಾರಿ ಬಲುಬೇಗ ಕಡಿದಾಗುತ್ತದೆ. ಅಲ್ಲಿ ಕೈಹಿಡಿಯುವುದು ಇನ್ನೊಂದು ಉಪಾಯ: ತೊಲೆ ಬಾಗಿದಾಗ ಅದರ ಆಕಾರ ಹೀಗಿರಬಹುದು ಎಂದು ಮೊದಲೇ ಊಹಿಸುವುದು, ಎಷ್ಟು ಬಾಗಿದೆ ಎಂಬುದನ್ನು ಮಾತ್ರ ಶಕ್ತಿಯ ಲೆಕ್ಕದಿಂದ ಕಂಡುಹಿಡಿಯುವುದು.

ಇಂಗ್ಲೆಂಡಿನ ಲಾರ್ಡ್ ರೇಲಿ 1877ರಲ್ಲಿ ಬಂದ ತಮ್ಮ ಧ್ವನಿಶಾಸ್ತ್ರದ ಗ್ರಂಥದಲ್ಲಿ, ಕಂಪಿಸುವ ವಸ್ತುವಿನ ಆಕಾರವನ್ನು ಹೀಗೆ ಊಹಿಸಿ ಅದರ ಕಂಪನದ ವೇಗವನ್ನು ಅಂದಾಜು ಮಾಡಿದ್ದರು. ಸ್ವಿಟ್ಜರ್ಲೆಂಡಿನ ವಾಲ್ಟರ್ ರಿಟ್ಜ್ ಒಂದೇ ಆಕಾರಕ್ಕೆ ನಿಲ್ಲದೆ ಹಲವು ಆಕಾರಗಳನ್ನು ಬೆರೆಸಿ, ಯಾವುದು ಎಷ್ಟು ಪಾಲು ಎಂಬುದನ್ನು ಶಕ್ತಿಯ ಕನಿಷ್ಠದಿಂದ ನಿರ್ಧರಿಸುವ ಕ್ರಮ ಕೊಟ್ಟರು. ಚೌಕ ತಗಡುಗಳ ಕಂಪನವನ್ನು ಅದರಿಂದ ಬಿಡಿಸಿದ ಅವರ ಪ್ರಬಂಧ ಬಂದದ್ದು 1909ರಲ್ಲಿ. ಅದೇ ವರ್ಷ, 31ನೇ ವಯಸ್ಸಿಗೆ ಅವರು ತೀರಿಕೊಂಡರು. ಇಂದು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ‘ರೇಲಿ-ರಿಟ್ಜ್’ ಎಂದು ಕಲಿಸುವುದು ಇದನ್ನೇ.

ಅಂಗಡಿಯಲ್ಲಿ ಸಿಗುವ ಒಂದು ತೊಲೆಯನ್ನೇ ಹಿಡಿದು ನೋಡೋಣ. ಐಎಸ್ಎಂಬಿ 200 ಎಂಬ ಐ ಆಕಾರದ ಉಕ್ಕಿನ ತೊಲೆಯ ಎತ್ತರ 200 ಮಿಲಿಮೀಟರ್. ಗೋಡೆಯಿಂದ ಗೋಡೆಗೆ 4 ಮೀಟರ್ ಇರಲಿ. ಉದ್ದಕ್ಕೂ ಮೀಟರಿಗೆ 10 ಕಿಲೋನ್ಯೂಟನ್, ಅಂದರೆ ಹೆಚ್ಚುಕಡಿಮೆ ಒಂದು ಟನ್ ಭಾರ ಸಮವಾಗಿ ಹರಡಿರಲಿ. ತೊಲೆಯ ಸ್ವಂತ ತೂಕವನ್ನು ಸದ್ಯಕ್ಕೆ ಬಿಟ್ಟುಬಿಡೋಣ. ಬಾಗಿದ ತೊಲೆಯ ಆಕಾರ ಸೈನ್ ಅಲೆಯ ಅರ್ಧಭಾಗ ಎಂದು ಊಹೆ:

y = a sin(πx/L)

ಎರಡೂ ತುದಿಯಲ್ಲಿ ಇಳಿತ ಸೊನ್ನೆ, ನಡುವೆ ಅತಿ ಹೆಚ್ಚು. ಆ ನಡುವಿನ ಇಳಿತವೇ a. ನಮಗೆ ಗೊತ್ತಿಲ್ಲದ್ದು ಇದೊಂದೇ ಸಂಖ್ಯೆ.

ಈಗ ಶಕ್ತಿಯ ಜಮಾಖರ್ಚು. ತೊಲೆ ಬಾಗಿದಷ್ಟೂ ಉಕ್ಕಿನೊಳಗೆ ಶಕ್ತಿ ಸೇರುತ್ತದೆ. ಅದು a ಯ ವರ್ಗಕ್ಕೆ ತಕ್ಕಂತೆ ಏರುತ್ತದೆ, ಇಳಿತ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟು. ಇನ್ನೊಂದು ಕಡೆ, ಮೇಲಿನ ಭಾರ ಕೆಳಗಿಳಿದಷ್ಟೂ ತನ್ನ ಪ್ರಚ್ಛನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಇದು a ಜೊತೆಗೆ ನೇರವಾಗಿ ಹೆಚ್ಚುತ್ತದೆ, ಇಮ್ಮಡಿಗೆ ಇಮ್ಮಡಿ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಬರುವುದು ಒಟ್ಟು ಪ್ರಚ್ಛನ್ನ ಶಕ್ತಿ. ತೊಲೆ ನಿಶ್ಚಲವಾಗಿ ನಿಲ್ಲುವುದು ಈ ಮೊತ್ತ ಅತಿ ಕಡಿಮೆ ಇರುವಲ್ಲಿ.

ನಮ್ಮ ತೊಲೆ 5 ಮಿಲಿಮೀಟರ್ ಬಾಗಿದೆ ಎನ್ನಿ. ಉಕ್ಕಿನಲ್ಲಿ ಸೇರುವ ಶಕ್ತಿ 42.5 ಜೂಲ್, ಭಾರ ಕಳೆದುಕೊಂಡದ್ದು 127.3 ಜೂಲ್, ಒಟ್ಟು ಮೈನಸ್ 84.8. ಇಳಿತ 7 ಮಿಲಿಮೀಟರ್ ಆದರೆ ಮೊತ್ತ ಮೈನಸ್ 94.9ಕ್ಕೆ ಇಳಿಯುತ್ತದೆ, 7.5 ಆದರೆ ಮೈನಸ್ 95.3ಕ್ಕೆ. ಅಲ್ಲಿಂದ ಮುಂದೆ ಮತ್ತೆ ಏರಿಕೆ: 8 ಮಿಲಿಮೀಟರಿಗೆ ಮೈನಸ್ 94.9, 10ಕ್ಕೆ ಮೈನಸ್ 84.6. ಕನಿಷ್ಠ ಬಿಂದು 7.5ರ ಆಸುಪಾಸಿನಲ್ಲಿದೆ ಎಂಬುದು ಇಷ್ಟರಲ್ಲೇ ಗೊತ್ತಾಯಿತು. ಕಲನಶಾಸ್ತ್ರ ಬಲ್ಲವರು ಹೀಗೆ ತಡಕಾಡದೆ ಒಂದೇ ಹೆಜ್ಜೆಯಲ್ಲಿ ಅಲ್ಲಿಗೆ ಹೋಗುತ್ತಾರೆ. ಭಾರ w, ಉದ್ದ L, ಉಕ್ಕಿನ ಗಡಸುತನ E, ತೊಲೆಯ ಛೇದದ ಆಕಾರದಿಂದ ಬರುವ ಬಿಗಿತ I ಎಂದಿಟ್ಟುಕೊಂಡರೆ:

a = 4wL⁴/(π⁵EI)

ಸಂಖ್ಯೆ ತುಂಬಿದರೆ 7.49 ಮಿಲಿಮೀಟರ್. ರಾಜಮಾರ್ಗದ ಸೂತ್ರ 5wL⁴/(384EI) ಕೊಡುವ ಉತ್ತರ 7.46. ವ್ಯತ್ಯಾಸ ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಪಾಲು, ಶೇಕಡಾ 0.4. ಗೋಡೆ ಕಟ್ಟುವವರು ನಾಲ್ಕು ಮೀಟರ್ ಅಂತರವನ್ನೇ ಇಷ್ಟು ಕರಾರುವಾಕ್ಕಾಗಿ ಇಟ್ಟಿರುವುದಿಲ್ಲ.

ಊಹೆ ಇಷ್ಟು ಚೆನ್ನಾಗಿ ಕೂಡಿಬರಲು ಕಾರಣ ಮೇಲಿನ ಅಂಕಿಗಳಲ್ಲೇ ಇದೆ. ಇಳಿತ 7.5ರಿಂದ 7ಕ್ಕೆ ಬಂದಾಗ, ಅಂದರೆ ಶೇಕಡಾ 7ರಷ್ಟು ತಪ್ಪಿದಾಗ, ಶಕ್ತಿ ಶೇಕಡಾ ಅರ್ಧದಷ್ಟು ಕೂಡ ಬದಲಾಗಲಿಲ್ಲ. ಕನಿಷ್ಠದ ಹತ್ತಿರ ಶಕ್ತಿಯ ರೇಖೆ ಬಹುತೇಕ ಮಟ್ಟಸ. ಆಕಾರದ ವಿಷಯದಲ್ಲೂ ಅದೇ ನಿಯಮ: ಊಹೆಯಲ್ಲಿನ ಸಣ್ಣ ತಪ್ಪು ಶಕ್ತಿಯಲ್ಲಿ ಇನ್ನೂ ಸಣ್ಣದಾಗಿ ಕಾಣಿಸುತ್ತದೆ. ನಿಜವಾದ ಆಕಾರದ ಒಟ್ಟು ಶಕ್ತಿ ಮೈನಸ್ 95.45 ಜೂಲ್, ಸೈನ್ ಆಕಾರದ್ದು ಮೈನಸ್ 95.31. ಯಾವ ಊಹೆಯೂ ನಿಜಕ್ಕಿಂತ ಕೆಳಗೆ ಹೋಗಲಾರದು.

ನಿಖರ ಉತ್ತರ ಗೊತ್ತಿಲ್ಲದ ಕಡೆ ಒಳ್ಳೆಯ ಊಹೆಯನ್ನು ಗುರುತಿಸಲು ಇದೇ ಅಳತೆಗೋಲು. ಉದಾಹರಣೆಗೆ, ಸೈನ್ ಬದಲು ಪ್ಯಾರಾಬೋಲಾ ಹಿಡಿದರೆ ಏನಾಗುತ್ತದೆ? ಅದೂ ತುದಿಗಳಲ್ಲಿ ಸೊನ್ನೆ, ನಡುವೆ ಗರಿಷ್ಠ, ನೋಡಲು ಸೈನಿನಷ್ಟೇ ಚೆಂದ. ಆದರೆ ಅದರಿಂದ ಬರುವ ಇಳಿತ 5.97 ಮಿಲಿಮೀಟರ್, ಶೇಕಡಾ 20 ಕಡಿಮೆ. ಪ್ಯಾರಾಬೋಲಾದ ವಕ್ರತೆ ಉದ್ದಕ್ಕೂ ಒಂದೇ, ಹಾಗಾಗಿ ಅದು ತುದಿಗಳಲ್ಲೂ ತೊಲೆಯನ್ನು ಬಲವಂತವಾಗಿ ಬಗ್ಗಿಸುತ್ತದೆ. ಸುಮ್ಮನೆ ಕೂತ ತುದಿಯಲ್ಲಿ ಬಗ್ಗಿಸುವ ಶಕ್ತಿಯೇ ಇರುವುದಿಲ್ಲ, ಸೈನ್ ಅದನ್ನು ತಾನಾಗಿ ಪಾಲಿಸುತ್ತದೆ. ಪ್ಯಾರಾಬೋಲಾದ ಒಟ್ಟು ಶಕ್ತಿ ಮೈನಸ್ 79.5 ಜೂಲಿಗೇ ನಿಂತುಬಿಡುತ್ತದೆ. ನಿಖರ ಸೂತ್ರ ನೋಡದೆಯೇ ಹೇಳಬಹುದು, ಹೆಚ್ಚು ಕೆಳಗಿಳಿದ ಸೈನೇ ಗೆದ್ದಿತು.

ಇಲ್ಲಿಗೆ ನಿಲ್ಲಿಸಿದರೆ ಓದುಗರು ಈ ಉಪಾಯವನ್ನು ಅಗತ್ಯಕ್ಕಿಂತ ಹೆಚ್ಚು ನಂಬುವ ಅಪಾಯವಿದೆ. ಇಳಿತ ಸರಿ ಬಂತು, ಆದರೆ ಗೋಡೆಗಳ ಮೇಲೆ ಬೀಳುವ ಭಾರ? ಒಟ್ಟು 40 ಕಿಲೋನ್ಯೂಟನ್ ಇದೆ, ಒಂದೊಂದು ಗೋಡೆಗೆ 20 ಎಂದು ಯಾರೂ ಹೇಳಿಯಾರು. ಸೈನ್ ಆಕಾರದಿಂದ ಲೆಕ್ಕ ಹಾಕಿದರೆ ಬರುವುದು 16.2 ಮಾತ್ರ. ಎರಡೂ ಕಡೆ ಸೇರಿ ಏಳೂವರೆ ಕಿಲೋನ್ಯೂಟನ್ ಎಲ್ಲೋ ಮಾಯ!

ಕಳೆದುಹೋದದ್ದು ಎಲ್ಲಿ ಎಂದು ಹುಡುಕುವುದು ಕಷ್ಟವಲ್ಲ. ತೊಲೆ ನಿಜಕ್ಕೂ ಸೈನ್ ಆಕಾರದಲ್ಲಿ ಬಾಗಬೇಕಾದರೆ ಮೇಲಿನ ಭಾರವೂ ಸೈನ್ ಆಕಾರದಲ್ಲೇ ಇರಬೇಕು. ಕಣದಲ್ಲಿ ಹಾಕಿದ ರಾಗಿಯ ರಾಶಿಯಂತೆ ನಡುವೆ ಎತ್ತರ, ಅಂಚಿಗೆ ಬಂದಂತೆ ಇಲ್ಲವೇ ಇಲ್ಲ. ನಮ್ಮ ಊಹೆ ಗುಟ್ಟಾಗಿ ಮಾಡಿದ್ದು ಇದನ್ನೇ: ನಡುವೆ ಮೀಟರಿಗೆ 12.7 ಕಿಲೋನ್ಯೂಟನ್, ತುದಿಯಲ್ಲಿ ಸೊನ್ನೆ. ಒಟ್ಟು 32.4. ನಡುವಿನ ಇಳಿತಕ್ಕೆ ತುದಿಯ ಭಾರದ ಪಾಲು ಅತ್ಯಲ್ಪ, ಆದ್ದರಿಂದ ಅಲ್ಲಿ ತಪ್ಪು ತಿಳಿಯಲಿಲ್ಲ. ಗೋಡೆಗಳಿಗೆ ಮಾತ್ರ ತಿಳಿಯಿತು. ಹೀಗಾಗಿ ಇಂಥ ಯಾವುದೇ ಲೆಕ್ಕ ಮುಗಿದ ಮೇಲೆ ಆಧಾರಗಳ ಪ್ರತಿಬಲ ಕೂಡಿಸಿ, ಒಟ್ಟು ಭಾರದೊಂದಿಗೆ ತಾಳೆ ನೋಡುವುದು ಒಳ್ಳೆಯ ರೂಢಿ.

ಇಳಿತದಿಂದ ಮುಂದೆ ಹೋದ ಪ್ರತಿ ಹೆಜ್ಜೆಗೂ ಊಹೆಯ ರೇಖೆಯನ್ನು ಅವಕಲನ ಮಾಡಬೇಕಾಗುತ್ತದೆ, ಪ್ರತಿ ಅವಕಲನವೂ ತಪ್ಪನ್ನು ದೊಡ್ಡದು ಮಾಡುತ್ತದೆ. ಇಳಿತದಲ್ಲಿ ಶೇಕಡಾ 0.4 ಇದ್ದದ್ದು, ಎರಡು ಸಲ ಅವಕಲನ ಮಾಡಿ ಪಡೆಯುವ ಬೆಂಡಿಂಗ್ ಮೊಮೆಂಟಿನಲ್ಲಿ ಶೇಕಡಾ 3ಕ್ಕೆ ಏರುತ್ತದೆ. ಮೂರು ಸಲ ಮಾಡಿ ಪಡೆಯುವ ಶಿಯರಿನಲ್ಲಿ ಶೇಕಡಾ 19.

ಮೊಮೆಂಟಿನ ತಪ್ಪು ಎಷ್ಟು ಅಪಾಯಕಾರಿ ಆಗಬಲ್ಲದು ಎಂಬುದು ಭಾರದ ಬಗೆ ಬದಲಾದಾಗ ಗೊತ್ತಾಗುತ್ತದೆ. ಅದೇ 40 ಕಿಲೋನ್ಯೂಟನ್ ಹರಡದೆ, ಒಂದು ಕಂಬದ ರೂಪದಲ್ಲಿ ತೊಲೆಯ ನಟ್ಟನಡುವೆ ಬಂದು ಕೂತಿತೆನ್ನಿ. ಸೈನ್ ಲೆಕ್ಕದ ಇಳಿತ 11.76 ಮಿಲಿಮೀಟರ್, ನಿಜವಾದದ್ದು 11.93. ಆಗಲೂ ವ್ಯತ್ಯಾಸ ಶೇಕಡಾ ಒಂದೂವರೆಯಷ್ಟೇ, ಮನಸ್ಸು ನಿರಾಳ. ಮೊಮೆಂಟ್ ನೋಡಿ: ನಿಜವಾದದ್ದು 40 ಕಿಲೋನ್ಯೂಟನ್-ಮೀಟರ್, ಸೈನ್ ಹೇಳುವುದು 32.4. ಕಂಬದ ಕೆಳಗೆ ಮೊಮೆಂಟಿನ ರೇಖೆ ಚೂಪಾಗಿ ಏರುತ್ತದೆ, ನುಣುಪಾದ ಸೈನ್ ಆ ಚೂಪನ್ನು ಮುಟ್ಟಲಾರದು. ಮೊಮೆಂಟನ್ನು ಉಕ್ಕಿನ ಒತ್ತಡಕ್ಕೆ ಇಳಿಸಿದರೆ ಸೈನ್ ಲೆಕ್ಕದಲ್ಲಿ 145 ಮೆಗಾಪ್ಯಾಸ್ಕಲ್, ನಿಜದಲ್ಲಿ 179. ಸಾಮಾನ್ಯ ಉಕ್ಕಿಗೆ ಹಳೆಯ ಐಎಸ್ 800 ಸಂಹಿತೆ ಬಿಡುತ್ತಿದ್ದ ಮಿತಿ 165. ಊಹೆ ನಂಬಿದರೆ ತೊಲೆ ಪಾಸು, ನಿಜದಲ್ಲಿ ಫೇಲು.

ರಿಟ್ಜ್ ತೋರಿದ ದಾರಿ ಹಿಡಿದು ಇನ್ನಷ್ಟು ಅಲೆಗಳನ್ನು ಬೆರೆಸಬಹುದು. ತೊಲೆಯ ಉದ್ದದಲ್ಲಿ ಮೂರು ಅರ್ಧ ಅಲೆ ಹಿಡಿಸುವ sin(3πx/L) ಸೇರಿಸಿದೊಡನೆ ಇಳಿತದ ತಪ್ಪು ಶೇಕಡಾ 0.2ಕ್ಕೆ ಇಳಿಯುತ್ತದೆ. ಒತ್ತಡ ಮಾತ್ರ 161ಕ್ಕೆ ಬಂದು ನಿಂತು, ಈಗಲೂ ಪಾಸು ಎಂದೇ ಹೇಳುತ್ತದೆ! ಮೂರನೆಯ ಪದ ಹಾಕಿದ ಮೇಲೆ 167, ಆಗಷ್ಟೇ ಮಿತಿ ದಾಟಿತು. ಒಂದೊಂದು ಪದ ಸೇರಿಸಿದಾಗಲೂ ಸಂಖ್ಯೆ ಗಣನೀಯವಾಗಿ ಏರುತ್ತಲೇ ಇದೆ ಎಂದರೆ ಉತ್ತರ ಇನ್ನೂ ನೆಲೆ ನಿಂತಿಲ್ಲ ಎಂದೇ ಅರ್ಥ.

ತುದಿಗಳನ್ನು ಕಾಂಕ್ರೀಟಿನಲ್ಲಿ ಹೂತು ಬಿಗಿ ಮಾಡಿದ ತೊಲೆಗೆ ಈ ಅರ್ಧ ಸೈನ್ ಸಲ್ಲದು. ಅಲ್ಲಿ ತುದಿ ಓರೆಯಾಗುವಂತಿಲ್ಲ, ಸೈನ್ ಓರೆಯಾಗಿಯೇ ಹೊರಡುತ್ತದೆ. ಅಂಥ ಕಡೆ 1 − cos(2πx/L) ಎಂಬ ಆಕಾರ ಹಿಡಿಯುತ್ತಾರೆ. ಕಂಬ ನಟ್ಟನಡುವೆ ಕೂರದೆ ಪಕ್ಕಕ್ಕೆ ಸರಿದಿದ್ದರೆ sin(2πx/L) ಕೂಡ ಸೇರಿಸಬೇಕು, ಇಲ್ಲವಾದರೆ ಲೆಕ್ಕ ತೊಲೆಯ ಎರಡೂ ಬದಿಯನ್ನು ಒಂದೇ ಸಮ ಬಾಗಿಸಿಬಿಡುತ್ತದೆ.

ನಮ್ಮ ಸರಳ ತೊಲೆಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಇಳಿತಕ್ಕೆ ಸೈನಿನ ಒಂದೇ ಪದ ಸಾಕು. ಮೊಮೆಂಟನ್ನು ಅದರಿಂದ ಹಿಂಡಲು ಹೋಗದೆ, ಗೋಡೆಯ ಪ್ರತಿಬಲ 20 ಕಿಲೋನ್ಯೂಟನ್ನನ್ನು ಕಂಬದವರೆಗಿನ ದೂರ 2 ಮೀಟರಿನಿಂದ ಗುಣಿಸಿದರೆ ನೇರವಾಗಿ 40 ಸಿಗುತ್ತದೆ. ಆ ಕಂಬ ಹೊರಲು ಐಎಸ್ಎಂಬಿ 200 ಸಾಲದು. ಅದರ ಮೇಲಿನ ಅಳತೆ ಐಎಸ್ಎಂಬಿ 225 ಹಾಕಿದರೆ ಒತ್ತಡ 131 ಮೆಗಾಪ್ಯಾಸ್ಕಲಿಗೆ ಇಳಿಯುತ್ತದೆ.